ಘೋಷಿಸಿ ಬಳಸಬಹುದು, ಮುಚ್ಚಿಟ್ಟು ಬಳಸುವಂತಿಲ್ಲ: ಈ ಕಲಮನ್ನು ಹೇಗೆ ಬರೆಯುವುದು?

ನೀಲಿಶಾಯಿ

ನಮ್ಮ ವಿಭಾಗದ ಶೈಕ್ಷಣಿಕ ಪ್ರಾಮಾಣಿಕತೆಯ ನಿಯಮಗಳಿಗೆ ಹೊಸದೊಂದು ಕಲಂ ಸೇರಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ತತ್ತ್ವದ ಮಟ್ಟದಲ್ಲಿ ಎಲ್ಲರೂ ಒಪ್ಪಿಯಾಗಿದೆ: ವಿದ್ಯಾರ್ಥಿಯು ಎಐ ನೆರವು ಪಡೆದು, ಪಡೆದಿದ್ದೇನೆಂದು ಹೇಳಿದರೆ ತಪ್ಪಿಲ್ಲ, ಹೇಳದೆ ಬಳಸಿದರೆ ತಪ್ಪು. ಅದನ್ನು ವಾಕ್ಯಕ್ಕೆ ಇಳಿಸಲು ಕುಳಿತಾಗ ಕಷ್ಟ ಗೊತ್ತಾಯಿತು. ನನ್ನ ಮೊದಲ ಕರಡು ಹೀಗಿದೆ:

"ಮೌಲ್ಯಮಾಪನಕ್ಕಾಗಿ ಸಲ್ಲಿಸುವ ಬರಹದಲ್ಲಿ ಯಾವುದೇ ಬಗೆಯ ಕೃತಕ ಬುದ್ಧಿಮತ್ತೆಯ ನೆರವನ್ನು ಗಣನೀಯವಾಗಿ ಪಡೆದಿದ್ದಲ್ಲಿ ವಿದ್ಯಾರ್ಥಿಯು ಅದನ್ನು ಘೋಷಿಸತಕ್ಕದ್ದು. ಘೋಷಿಸದ ಬಳಕೆಯನ್ನು ಕೃತಿಚೌರ್ಯವೆಂದು ಪರಿಗಣಿಸಲಾಗುವುದು."

ಓದಲು ಚೆನ್ನಾಗಿಯೇ ಇದೆ. ಆದರೆ ನಾಳೆ ಒಬ್ಬ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಇದರ ಆಧಾರದ ಮೇಲೆ ತೀರ್ಮಾನ ಕೊಡಬೇಕಾಗಿ ಬಂದರೆ ಇದು ನಿಲ್ಲುತ್ತದೆಯೇ ಎಂಬ ಬಗ್ಗೆ ನನಗೆ ಧೈರ್ಯವಿಲ್ಲ. ಶಿಸ್ತು ಸಮಿತಿಗಳಲ್ಲಿ ಕೆಲಸ ಮಾಡಿದವರು, ಅಧ್ಯಾಪಕರು, ವಿದ್ಯಾರ್ಥಿಗಳು ಯಾರಾದರೂ ಸರಿ, ದಯವಿಟ್ಟು ಇದರ ಬಿರುಕುಗಳನ್ನು ತೋರಿಸಿ.

ದಡದಾಚೆ

ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಪತ್ತೆ ಹಚ್ಚುವ ತಂತ್ರಾಂಶಗಳು ಬಂದಿವೆ. "ಪತ್ತೆ ವರದಿಯಲ್ಲಿ ಎಐ ಪ್ರಮಾಣ ಶೇ. 20ನ್ನು ಮೀರಿದ್ದು, ಘೋಷಣೆ ಇಲ್ಲದಿದ್ದರೆ ಶಿಕ್ಷಾರ್ಹ" ಎಂದು ಬರೆದುಬಿಡಿ. ಹೋಲಿಕೆ ವರದಿಗೆ ಮಿತಿ ಹಾಕುವುದು ನಮಗೆ ಹೊಸದೇನಲ್ಲ, ಇದೂ ಹಾಗೆಯೇ.

ಹಳೇಬೇರು

ನೀಲಿಶಾಯಿ ಅವರೇ, ನಾನು ಒಂಬತ್ತು ವರ್ಷ ಇಂಥ ಸಮಿತಿಯೊಂದರಲ್ಲಿ ಕುಳಿತಿದ್ದೆ. ನಿಮ್ಮ ಕರಡಿನಲ್ಲಿ ನನಗೆ ತಕ್ಷಣ ಅಳುಕು ಹುಟ್ಟಿಸುವ ಪದಗಳು ಮೂರು: "ಯಾವುದೇ", "ಗಣನೀಯವಾಗಿ", "ಕೃತಿಚೌರ್ಯ".

ಕೊನೆಯದರಿಂದಲೇ ಶುರುಮಾಡುತ್ತೇನೆ. ಕೃತಿಚೌರ್ಯವೆಂದರೆ ಇನ್ನೊಬ್ಬರ ಬರಹವನ್ನೋ ವಿಚಾರವನ್ನೋ ತನ್ನದೆಂದು ತೋರಿಸುವುದು. ನೀವು ಆ ಹೆಸರಿನಲ್ಲಿ ದೋಷಾರೋಪ ಹೊರಿಸಿದರೆ, ವಿದ್ಯಾರ್ಥಿಯ ಪರವಾಗಿ ಬಂದವರು ಕೇಳುವ ಮೊದಲ ಪ್ರಶ್ನೆ "ಯಾರದ್ದನ್ನು ಕದ್ದ?" ಎಂಬುದೇ ಆಗಿರುತ್ತದೆ. ಮೂಲ ಕೃತಿಯನ್ನು ಪಕ್ಕದಲ್ಲಿಟ್ಟು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ, ಏಕೆಂದರೆ ಆ ವಾಕ್ಯಗಳು ಹಿಂದೆ ಎಲ್ಲಿಯೂ ಇರಲೇ ಇಲ್ಲ. ಇಲ್ಲಿ ನಡೆದಿರುವ ತಪ್ಪು ಬೇರೆ ಜಾತಿಯದು. ಈ ಬರಹ ಹೇಗೆ ತಯಾರಾಯಿತು ಎಂಬ ಬಗ್ಗೆ ಮೌಲ್ಯಮಾಪಕರಿಗೆ ಸುಳ್ಳು ಚಿತ್ರ ಕೊಟ್ಟದ್ದೇ ಆ ತಪ್ಪು. ಆದ್ದರಿಂದ ಅದಕ್ಕೆ ಅದರದೇ ಹೆಸರು ಕೊಡಿ. "ಘೋಷಿಸದ ಬಳಕೆ" ಎಂದರೆ ಸಾಕು.

"ಗಣನೀಯ" ಎಂಬ ಪದ ಜಗಳಕ್ಕೆ ಬಾಗಿಲು ತೆರೆಯುತ್ತದೆ. ಪ್ರತಿ ವಿಚಾರಣೆಯೂ ಆ ಒಂದು ಪದದ ಮೇಲೆಯೇ ನಿಂತುಬಿಡುತ್ತದೆ. "ಯಾವುದೇ" ಎಂಬುದು ಅದಕ್ಕೂ ಅಪಾಯಕಾರಿ. ಕಾಗುಣಿತ ತಿದ್ದುವ ಸೌಲಭ್ಯ, ಟೈಪ್ ಮಾಡುವಾಗ ಮುಂದಿನ ಪದ ಸೂಚಿಸುವ ಕೀಲಿಮಣೆ, ಹುಡುಕಾಟದ ಪುಟದ ಮೇಲ್ತುದಿಯಲ್ಲಿ ತಾನಾಗಿ ಬರುವ ಸಾರಾಂಶ ಎಲ್ಲವೂ ಅದರೊಳಗೆ ಬರುತ್ತವೆ. ಎಲ್ಲರೂ ದಿನಾ ಮುರಿಯುವ ನಿಯಮವನ್ನು ಬರೆದರೆ, ಅದು ಯಾರ ಮೇಲೆ ಜಾರಿಯಾಗುತ್ತದೆ ಎಂಬುದು ಅಧ್ಯಾಪಕರ ಮರ್ಜಿಗೆ ಬಿಟ್ಟ ವಿಷಯವಾಗಿಬಿಡುತ್ತದೆ.

ಮುಂಗಾರು

ನನ್ನ ಪ್ರಶ್ನೆಯೂ ಇದೇ. ಸಂಶೋಧನಾ ಲೇಖನದ ಮೊದಲ ಕರಡನ್ನು ಚಾಟ್‌ಜಿಪಿಟಿ ಸಾಕಷ್ಟು ತಿದ್ದಿಕೊಟ್ಟಿದೆ. ಅದನ್ನು ಸಹಲೇಖಕನೆಂದು ಹಾಕಿದರೆ ಘೋಷಣೆ ಮಾಡಿದಂತಾಗುತ್ತದೆಯಲ್ಲವೇ? ಹೆಸರು ಎಷ್ಟನೆಯದಾಗಿ ಬರಬೇಕು?

ಹಳೇಬೇರು

ಮುಂಗಾರು ಅವರೇ, ಇಲ್ಲಿ ಚರ್ಚೆಯಾಗುತ್ತಿರುವುದು ವಿದ್ಯಾರ್ಥಿಗಳ ಸಲ್ಲಿಕೆಯ ನಿಯಮ. ಆದರೂ ಕೇಳಿದ್ದೀರಿ ಎಂದು ಹೇಳುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು 2023ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಚಾಟ್‌ಬಾಟ್‌ಗಳನ್ನು ಲೇಖಕರೆಂದು ಹೆಸರಿಸುವಂತಿಲ್ಲ, ಏಕೆಂದರೆ ಬರಹದ ನಿಖರತೆಗೂ ಪ್ರಾಮಾಣಿಕತೆಗೂ ಅವು ಹೊಣೆ ಹೊರಲಾರವು. ಆದರೆ ಬಳಸಿದ್ದರೆ, ಹೇಗೆ ಬಳಸಿದಿರಿ ಎಂಬುದನ್ನು ಲೇಖನ ಕಳುಹಿಸುವಾಗಲೇ ತಿಳಿಸಬೇಕು. ನಿಮ್ಮ ನಿಯತಕಾಲಿಕದ ಸೂಚನೆಗಳನ್ನೂ ಒಮ್ಮೆ ಓದಿಕೊಳ್ಳಿ.

ನೀಲಿಶಾಯಿ ಅವರ ಕೆಲಸಕ್ಕೂ ಇದರಿಂದ ಒಂದು ಎಳೆ ಸಿಗುತ್ತದೆ. ಘೋಷಣೆ ಮಾಡಿದ ಮಾತ್ರಕ್ಕೆ ಹೊಣೆ ಕೈಬದಲಾಗುವುದಿಲ್ಲ. ಯಂತ್ರ ತಪ್ಪು ಹೇಳಿದ್ದರೆ ಆ ತಪ್ಪು ಸಲ್ಲಿಸಿದವರದೇ. ಇದನ್ನು ಕಲಮಿನಲ್ಲಿ ಒಂದು ವಾಕ್ಯವಾಗಿಯೇ ಬರೆಯಬೇಕು.

ಸಂಭವನೀಯ

ದಡದಾಚೆ ಅವರ ಶೇ. 20ರ ಸಲಹೆಗೆ ಉತ್ತರ ಕೊಡದೆ ಮುಂದೆ ಹೋಗಬಾರದು, ಏಕೆಂದರೆ ಅನೇಕ ಸಮಿತಿಗಳು ನಿಜಕ್ಕೂ ಇದನ್ನೇ ಮಾಡಲು ಹೊರಡುತ್ತವೆ.

ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಆರಂಭದಲ್ಲಿ ಪತ್ತೆ ಸಾಧನವೊಂದನ್ನು ಬಿಡುಗಡೆ ಮಾಡಿತು. ಅದರ ಪರೀಕ್ಷೆಯ ಫಲಿತಾಂಶವನ್ನು ಅವರೇ ಪ್ರಕಟಿಸಿದ್ದರು: ಯಂತ್ರ ಬರೆದ ಬರಹಗಳಲ್ಲಿ ಶೇ. 26ನ್ನು ಮಾತ್ರ ಅದು ಯಂತ್ರದ್ದಿರಬಹುದೆಂದು ಗುರುತಿಸುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ. 9ನ್ನು ತಪ್ಪಾಗಿ ಯಂತ್ರದ್ದೆಂದು ಹೇಳುತ್ತಿತ್ತು. ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು.

ಈಗ ಲೆಕ್ಕ ಹಾಕೋಣ. 1000 ಪ್ರಬಂಧಗಳು ಬಂದಿವೆ, ಅವುಗಳಲ್ಲಿ 100 ಘೋಷಿಸದೆ ಯಂತ್ರದಿಂದ ಬರೆಸಿದವು ಎಂದಿಟ್ಟುಕೊಳ್ಳಿ. ಸಾಧನ ಆ ನೂರರಲ್ಲಿ 26ನ್ನು ಹಿಡಿಯುತ್ತದೆ. ಉಳಿದ 900 ಪ್ರಾಮಾಣಿಕ ಪ್ರಬಂಧಗಳಲ್ಲಿ 81ನ್ನೂ ಹಿಡಿಯುತ್ತದೆ. ನಿಮ್ಮ ಮೇಜಿನ ಮೇಲೆ 107 ಹೆಸರುಗಳ ಪಟ್ಟಿ ಬರುತ್ತದೆ, ಅದರಲ್ಲಿ ನಾಲ್ವರಿಗೆ ಮೂವರು ಏನೂ ತಪ್ಪು ಮಾಡದವರು. ತಪ್ಪು ಮಾಡಿದವರಲ್ಲಿ 74 ಮಂದಿ ಪಟ್ಟಿಯಲ್ಲೇ ಇಲ್ಲ.

ದಡದಾಚೆ

ಅದು 2023ರ ಮಾತು. ಸಾಧನಗಳು ಈಗ ಸಾಕಷ್ಟು ಸುಧಾರಿಸಿವೆ. ತಪ್ಪಿನ ಪ್ರಮಾಣ ಶೇ. 1 ಎಂದೇ ಇಟ್ಟುಕೊಳ್ಳಿ.

ಸಂಭವನೀಯ

ಶೇ. 1 ಎಂದೇ ಇಟ್ಟುಕೊಂಡರೂ ಮೇಲಿನ ಉದಾಹರಣೆಯಲ್ಲಿ ಒಂಬತ್ತು ನಿರಪರಾಧಿಗಳು ಸಿಗುತ್ತಾರೆ. ಆ ಒಂಬತ್ತು ಮಂದಿ ಯಾರು ಎಂಬುದೂ ಮುಖ್ಯ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಏಳು ಪತ್ತೆ ಸಾಧನಗಳಿಗೆ 91 ಟೋಫೆಲ್ ಪ್ರಬಂಧಗಳನ್ನು ಕೊಟ್ಟು ನೋಡಿದರು. ಅವು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಪ್ರಬಂಧಗಳು. ಸರಾಸರಿ ಶೇ. 61ಕ್ಕೂ ಹೆಚ್ಚನ್ನು ಆ ಸಾಧನಗಳು ಯಂತ್ರದ ಬರಹವೆಂದು ಹೇಳಿದವು. ಸೀಮಿತ ಪದಸಂಪತ್ತು, ಊಹಿಸಬಹುದಾದ ವಾಕ್ಯರಚನೆ ಇವೇ ಅವುಗಳ ಕಣ್ಣಿಗೆ ಯಂತ್ರದ ಗುರುತುಗಳು. ಎರಡನೆಯ ಭಾಷೆಯಲ್ಲಿ ಎಚ್ಚರಿಕೆಯಿಂದ ಬರೆಯುವ ವಿದ್ಯಾರ್ಥಿಯೂ ಹಾಗೆಯೇ ಬರೆಯುತ್ತಾನೆ.

ಇನ್ನೊಂದು ಮಾತು. ಹೋಲಿಕೆ ವರದಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹೋಲಿಕೆ ವರದಿ ಮೂಲವನ್ನು ತೋರಿಸುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನಾನೇ ಓದಿ ಹೌದೋ ಅಲ್ಲವೋ ಎಂದು ಹೇಳಬಲ್ಲೆ, ವಿದ್ಯಾರ್ಥಿಯೂ ಅದನ್ನು ನೋಡಿ ಉತ್ತರ ಕೊಡಬಲ್ಲ. ಎಐ ಪತ್ತೆಯ ಅಂಕಿಗೆ ಅಂಥ ಪಕ್ಕದ ಪುಟವಿಲ್ಲ. ಪರಿಶೀಲಿಸಲಾಗದ ಸಂಖ್ಯೆಗೆ ಪ್ರತಿವಾದ ಹೂಡುವುದು ಹೇಗೆ?

ಕಾಗದದೋಣಿ

ಇದನ್ನು ಓದುವಾಗ ನನ್ನ ಕೈ ನಡುಗಿತು. ನನ್ನ ಮೇಲೂ ಇದೇ ಆರೋಪ ಬಂದಿತ್ತು. ನಾನು ಮೊದಲು ಕಾಗದದ ಮೇಲೆ ಬರೆದು, ಕೊನೆಗೆ ಒಂದೇ ಸಲ ಕುಳಿತು ಟೈಪ್ ಮಾಡುವವಳು. ಕಡತದ ಇತಿಹಾಸ ತೆರೆದು ನೋಡಿದವರಿಗೆ ಕಂಡದ್ದು ಇಷ್ಟೇ: ಎರಡು ಗಂಟೆಯಲ್ಲಿ, ಹೆಚ್ಚು ತಿದ್ದುಪಡಿಯಿಲ್ಲದೆ, ಇಡೀ ಪ್ರಬಂಧ ಮೂಡಿಬಂದಿದೆ. ಅದನ್ನೇ ಸಾಕ್ಷಿಯೆಂದರು. ಪುಣ್ಯಕ್ಕೆ ಕೈಬರಹದ ಹಾಳೆಗಳನ್ನು ನಾನು ಎಸೆದಿರಲಿಲ್ಲ. ಅಡ್ಡಗೆರೆ ಎಳೆದ ಸಾಲುಗಳು, ಅಂಚಿನಲ್ಲಿ ಬಾಣದ ಗುರುತು ಹಾಕಿ ಸೇರಿಸಿದ ವಾಕ್ಯಗಳು ಎಲ್ಲವೂ ಅದರಲ್ಲಿದ್ದವು. ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿದ ಮೇಲೆ ವಿಷಯ ಮುಗಿಯಿತು, ಆದರೆ ಅಷ್ಟರಲ್ಲಿ ಮೂರು ವಾರ ಕಳೆದಿತ್ತು. ಆ ಹಾಳೆಗಳು ರದ್ದಿಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಕರಡುಗಳು ಇಲ್ಲದಿರುವುದೇ ತಪ್ಪಿನ ಸಾಕ್ಷಿಯಲ್ಲ ಎಂದು ದಯವಿಟ್ಟು ನಿಯಮದಲ್ಲಿ ಬರೆಯಿರಿ ಮೇಡಂ.

ನೀಲಿಶಾಯಿ

ಕಾಗದದೋಣಿ, ಬರೆಯುತ್ತೇನೆ. ಹಂಚಿಕೊಂಡದ್ದಕ್ಕೆ ಕೃತಜ್ಞತೆಗಳು.

ಇಲ್ಲಿಯವರೆಗಿನ ಮಾತುಗಳನ್ನು ಇಟ್ಟುಕೊಂಡು ಎರಡನೆಯ ಕರಡು:

"ಸಲ್ಲಿಕೆಯ ವಿಷಯ, ರಚನೆ ಅಥವಾ ವಾಕ್ಯಗಳನ್ನು ಸೃಷ್ಟಿಸಲು ಇಲ್ಲವೇ ಬದಲಿಸಲು ಯಂತ್ರದ ನೆರವು ಪಡೆದ ವಿದ್ಯಾರ್ಥಿಯು ಅದನ್ನು ಸಲ್ಲಿಕೆಯೊಂದಿಗೆ ಘೋಷಿಸತಕ್ಕದ್ದು. ಕಾಗುಣಿತ ತಿದ್ದುವುದಕ್ಕೆ ಘೋಷಣೆ ಬೇಕಿಲ್ಲ. ಸಲ್ಲಿಕೆಯ ಎಲ್ಲ ಅಂಶಗಳಿಗೂ ವಿದ್ಯಾರ್ಥಿಯೇ ಹೊಣೆ. ಘೋಷಿಸದ ಬಳಕೆಯು ಶಿಸ್ತು ಕ್ರಮಕ್ಕೆ ಒಳಪಡುತ್ತದೆ. ಪತ್ತೆ ಸಾಧನದ ವರದಿ ಅಥವಾ ಕರಡುಗಳ ಅಭಾವ ಇವುಗಳಷ್ಟನ್ನೇ ಆಧರಿಸಿ ತಪ್ಪು ಸಾಬೀತಾಯಿತೆಂದು ತೀರ್ಮಾನಿಸುವಂತಿಲ್ಲ."

ಪದ ಮತ್ತು ವಾಕ್ಯದ ನಡುವೆ ಗೆರೆ ಎಳೆದಿದ್ದೇನೆ. ಒಂದು ಪದವನ್ನು ಸರಿಪಡಿಸಿಕೊಂಡರೆ ಹೇಳಬೇಕಿಲ್ಲ, ವಾಕ್ಯವನ್ನು ಹೊಸದಾಗಿ ಬರೆಸಿಕೊಂಡರೆ ಹೇಳಬೇಕು.

ಅಲ್ಪವಿರಾಮ

ಆ ಗೆರೆ ನೀವು ಅಂದುಕೊಂಡಷ್ಟು ಗಟ್ಟಿಯಲ್ಲ. ವ್ಯಾಕರಣ ತಿದ್ದುವ ಸಾಧನಗಳು ಮೊದಲು ಅಲ್ಪವಿರಾಮ ಸೇರಿಸುತ್ತಿದ್ದವು. ಈಗ ಅದೇ ಗುಂಡಿಯನ್ನು ಒತ್ತಿದರೆ ವಾಕ್ಯವನ್ನೇ ತಿರುಗಿಸಿ ಬರೆದುಕೊಡುತ್ತವೆ. ತಾನು ಗೆರೆ ದಾಟಿದೆನೆಂದು ವಿದ್ಯಾರ್ಥಿಗೆ ಗೊತ್ತೂ ಆಗುವುದಿಲ್ಲ. ಆದ್ದರಿಂದ ಸಾಧನದ ಹೆಸರಿನ ಮೇಲೆ ಗೆರೆ ಎಳೆಯದೆ ಮಾಡಿದ ಕೆಲಸದ ಮೇಲೆ ಎಳೆದಿರುವುದು ಒಳ್ಳೆಯದೇ. "ಕಾಗುಣಿತ ತಿದ್ದುವುದು" ಎಂಬ ವಿನಾಯಿತಿಯನ್ನು ಮಾತ್ರ "ವಾಕ್ಯದ ಅರ್ಥವನ್ನೂ ಪದಗಳ ಜೋಡಣೆಯನ್ನೂ ಬದಲಿಸದ ತಿದ್ದುಪಡಿ" ಎಂದು ಬದಲಿಸಿ. ಸಾಧನಗಳ ಹೆಸರುಗಳನ್ನು ಕಲಮಿನೊಳಗೆ ತರಲೇಬೇಡಿ. ಅವು ವರ್ಷಕ್ಕೊಮ್ಮೆ ಬದಲಾಗುತ್ತವೆ, ನಿಯಮ ತಿದ್ದಲು ಮೂರು ವರ್ಷ ಬೇಕಾಗುತ್ತದೆ.

ಎರಡನೇ_ಸಾಲು

ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ಇಲ್ಲಿ ಎಲ್ಲರೂ ಮುಚ್ಚಿಡುವವರನ್ನು ಹಿಡಿಯುವ ಬಗ್ಗೆ ಮಾತನಾಡುತ್ತಿದ್ದೀರಿ. ಮುಚ್ಚಿಡುವುದು ಏಕೆ ಎಂಬುದನ್ನೂ ಕೇಳಿ. ಹೇಳಿದರೆ ಅಂಕ ಕಡಿಮೆಯಾಗುತ್ತದೆ ಎಂಬ ಭಯದಿಂದ. ನನ್ನ ಗೆಳತಿ ಪ್ರಾಮಾಣಿಕವಾಗಿ ಎರಡು ಸಾಲಿನ ಘೋಷಣೆ ಬರೆದಳು, ಮೌಲ್ಯಮಾಪಕರು ಅಂಚಿನಲ್ಲಿ "ಹಾಗಾದರೆ ನಿನ್ನ ಕೆಲಸ ಯಾವುದು?" ಎಂದು ಬರೆದರು. ಪಕ್ಕದಲ್ಲಿ ಕುಳಿತು ಅಷ್ಟೇ ಬಳಸಿದವನು ಏನೂ ಹೇಳಲಿಲ್ಲ, ಅವನಿಗೆ ಒಳ್ಳೆಯ ಅಂಕ ಬಂತು. ಮುಂದಿನ ಸಲ ಅವಳೂ ಹೇಳಲಿಲ್ಲ. ಘೋಷಿಸಿದ ಕಾರಣಕ್ಕೆ ಅಂಕ ಕಡಿತವಿಲ್ಲ ಎಂದು ಬರೆಯದೆ ಇದ್ದರೆ ನಿಮ್ಮ ಕಲಂ ಮುಚ್ಚಿಡುವುದನ್ನೇ ಕಲಿಸುತ್ತದೆ.

ಅಲ್ಪವಿರಾಮ

ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ನಾನು ಬರವಣಿಗೆಯನ್ನೇ ಕಲಿಸುವವನು. ನನ್ನ ಮೌಲ್ಯಮಾಪನದಲ್ಲಿ ಭಾಷೆಗೆಂದೇ 30 ಅಂಕಗಳಿವೆ. ಭಾಷೆಯನ್ನು ಯಂತ್ರ ತಿದ್ದಿದೆ ಎಂದು ವಿದ್ಯಾರ್ಥಿ ಹೇಳಿದ ಮೇಲೆ ಆ 30ರಲ್ಲಿ ನಾನು ಯಾರಿಗೆ ಅಂಕ ಕೊಡಲಿ?

ಎರಡನೇ_ಸಾಲು

ಹಾಗಿದ್ದರೆ ಕೆಲಸ ಕೊಡುವಾಗಲೇ ಭಾಷೆ ತಿದ್ದಿಸುವಂತಿಲ್ಲ ಎಂದು ಬರೆದುಕೊಡಿ ಸರ್. ನಾವು ಬರೆದು ಸಲ್ಲಿಸಿದ ಮೇಲೆ ಹೇಳಬೇಡಿ.

ಹಳೇಬೇರು

ಎರಡನೇ_ಸಾಲು ಹೇಳಿದ್ದರಲ್ಲಿ ಕಲಮಿನ ಅತಿ ದೊಡ್ಡ ಲೋಪ ಸಿಕ್ಕಿತು. ಈಗಿನ ಕರಡು ಒಂದೇ ಪ್ರಶ್ನೆ ಕೇಳುತ್ತದೆ: ಹೇಳಿದೆಯೋ ಇಲ್ಲವೋ? ಕೇಳಬೇಕಾದ ಪ್ರಶ್ನೆಗಳು ಎರಡು. ಈ ಕೆಲಸದಲ್ಲಿ ಈ ಬಗೆಯ ನೆರವಿಗೆ ಅನುಮತಿ ಇತ್ತೇ? ಪಡೆದ ನೆರವನ್ನು ಪೂರ್ತಿಯಾಗಿ ಹೇಳಲಾಗಿದೆಯೇ? ಅನುಮತಿಯಿಲ್ಲದ ನೆರವನ್ನು ಘೋಷಿಸಿದರೆ ಅದು ಅನುಮತಿಯಾಗಿಬಿಡುವುದಿಲ್ಲ. ಅನುಮತಿಯಿದ್ದ ನೆರವನ್ನು ಮುಚ್ಚಿಟ್ಟರೂ ತಪ್ಪೇ. ಪ್ರಶ್ನೆಪತ್ರಿಕೆ ಏನೂ ಹೇಳದಿದ್ದಾಗ ಯಾವುದು ಅನ್ವಯ ಎಂಬುದನ್ನೂ ಬರೆಯಬೇಕು. ಬರೆಯದಿದ್ದರೆ ಅಧ್ಯಾಪಕರು ನಿಷೇಧವೆಂದೂ ವಿದ್ಯಾರ್ಥಿಗಳು ಅನುಮತಿಯೆಂದೂ ಓದುತ್ತಾರೆ. ನಿಮ್ಮ ವಿಭಾಗ ಘೋಷಿತ ಬಳಕೆಗೆ ಒಪ್ಪಿರುವುದರಿಂದ ಮೌನವಿದ್ದಲ್ಲಿ ಅನುಮತಿ, ನಿರ್ಬಂಧವಿದ್ದರೆ ಅದು ಕೆಲಸ ಕೊಟ್ಟ ದಿನವೇ ಬರಹದಲ್ಲಿರಬೇಕು ಎಂದು ಬರೆಯಿರಿ.

ಇದನ್ನು ಒಂದು ಪ್ರಕರಣದಲ್ಲಿ ಇಟ್ಟು ನೋಡೋಣ. ಇದು ಕಲ್ಪಿತ ಪ್ರಕರಣವಾದರೂ ಇದರ ಒಂದೊಂದು ತುಂಡನ್ನೂ ನಾನು ಬೇರೆ ಬೇರೆ ಕಡೆ ಕಂಡಿದ್ದೇನೆ. ಮೂರು ಸಾವಿರ ಪದಗಳ ಪ್ರಬಂಧ. ವಿದ್ಯಾರ್ಥಿನಿ ಮೊದಲು ಯಂತ್ರವನ್ನು ಕೇಳಿ ಐದು ಉಪಶೀರ್ಷಿಕೆಗಳ ಚೌಕಟ್ಟು ಪಡೆದಳು, ಅದರಲ್ಲಿ ಎರಡನ್ನು ಬಿಟ್ಟು ಮೂರನ್ನು ಇಟ್ಟುಕೊಂಡಳು. ಒಳಗಿನ ಬರಹ ಅವಳದೇ. ಕೊನೆಯ ಎರಡು ಪ್ಯಾರಾಗಳನ್ನು ಮತ್ತೆ ಯಂತ್ರಕ್ಕೆ ಕೊಟ್ಟು ನಯಗೊಳಿಸಿದಳು, ಹನ್ನೊಂದು ವಾಕ್ಯಗಳು ಬದಲಾದವು. ಮೂರು ಆಕರಗಳನ್ನೂ ಅದರಿಂದಲೇ ಪಡೆದಳು, ಅವುಗಳಲ್ಲಿ ಒಂದು ಪುಸ್ತಕ ಲೋಕದಲ್ಲೇ ಇಲ್ಲ. ಕೊನೆಗೆ ಒಂದು ಸಾಲು ಬರೆದಳು: "ಭಾಷೆ ತಿದ್ದಲು ಎಐ ನೆರವು ಪಡೆದಿದ್ದೇನೆ."

ನಿಮ್ಮ ಎರಡನೆಯ ಕರಡಿನ ಪ್ರಕಾರ ಅವಳು ಘೋಷಿಸಿದ್ದಾಳೆ. ಆದರೆ ಹೇಳಿದ್ದು ಮೂರರಲ್ಲಿ ಒಂದನ್ನು. ಚೌಕಟ್ಟನ್ನೂ ಆಕರಗಳನ್ನೂ ಬಿಟ್ಟಿದ್ದಾಳೆ. ಹಾಗಾಗಿ ಅಪೂರ್ಣ ಘೋಷಣೆ ಎಂಬ ವರ್ಗ ಬೇಕೇ ಬೇಕು. ಇಲ್ಲದ ಪುಸ್ತಕದ ವಿಷಯ ಮತ್ತೆ ಬೇರೆ. ಆಕರಗಳನ್ನು ಯಂತ್ರದಿಂದ ಪಡೆದೆನೆಂದು ಅವಳು ಪೂರ್ತಿಯಾಗಿ ಹೇಳಿದ್ದರೂ, ನೋಡದ ಪುಸ್ತಕವನ್ನು ನೋಡಿದ್ದೇನೆಂದು ತೋರಿಸಿದ ದೋಷ ಹಾಗೆಯೇ ಉಳಿಯುತ್ತದೆ. ಅದು ಆಕರಗಳ ಕುರಿತಾದ ನಿಮ್ಮ ಹಳೆಯ ನಿಯಮದ ಅಡಿಯಲ್ಲಿ ಬರಲಿ, ಇದರೊಳಗೆ ಬೆರೆಸಬೇಡಿ.

ಅವಳು ಬರೆಯಬೇಕಾಗಿದ್ದ ಘೋಷಣೆ ಉದ್ದವೇನೂ ಅಲ್ಲ: "ಈ ಸಾಧನದಿಂದ ಪ್ರಬಂಧದ ಚೌಕಟ್ಟನ್ನು ಪಡೆದು ಐದರಲ್ಲಿ ಮೂರು ಭಾಗಗಳನ್ನು ಉಳಿಸಿಕೊಂಡಿದ್ದೇನೆ. ಕೊನೆಯ ಎರಡು ಪ್ಯಾರಾಗಳ ಭಾಷೆಯನ್ನು ಅದರಿಂದ ತಿದ್ದಿಸಿದ್ದೇನೆ. 4, 7, 9ನೆಯ ಆಕರಗಳನ್ನು ಅದು ಸೂಚಿಸಿತು, ಮೂಲವನ್ನು ತೆರೆದು ನೋಡಿದ್ದೇನೆ." ಯಾವ ಸಾಧನ, ಯಾವ ಹಂತದಲ್ಲಿ, ಎಲ್ಲಿ, ಬಂದದ್ದನ್ನು ತಾನು ಏನು ಮಾಡಿದೆ ಎಂಬುದಿಷ್ಟೂ ಇದರಲ್ಲಿದೆ. ಕೊನೆಯ ವಾಕ್ಯ ಬರೆಯಲು ಕುಳಿತಿದ್ದರೆ ಆ ಪುಸ್ತಕವಿಲ್ಲವೆಂದು ಅವಳಿಗೇ ತಿಳಿದುಹೋಗುತ್ತಿತ್ತು.

ದಡದಾಚೆ

ಸಂಭವನೀಯ ಅವರ ಲೆಕ್ಕವನ್ನು ನಾನು ಕಾಗದದ ಮೇಲೆ ಮತ್ತೊಮ್ಮೆ ಮಾಡಿ ನೋಡಿದೆ. ವರದಿಯೊಂದನ್ನೇ ನಂಬುವುದು ತಪ್ಪೆಂದು ಒಪ್ಪುತ್ತೇನೆ. ಆದರೆ ಆಗ ಸಾಬೀತುಮಾಡುವುದು ಹೇಗೆ? ಯಂತ್ರದೊಂದಿಗಿನ ಸಂಭಾಷಣೆಯ ದಾಖಲೆಯನ್ನು ಎಲ್ಲರೂ ಇಟ್ಟುಕೊಳ್ಳಲೇಬೇಕೆಂದು ನಿಯಮ ಮಾಡಿ, ಕೇಳಿದಾಗ ತೋರಿಸಲಿ.

ಸಂಭವನೀಯ

ಅದು ಅರ್ಧಕ್ಕೆ ಮಾತ್ರ ಕೆಲಸ ಮಾಡುತ್ತದೆ. ಬಳಸಿದ್ದೇನೆಂದು ಹೇಳಿದವರ ಘೋಷಣೆ ಪೂರ್ಣವೇ ಎಂದು ನೋಡಲು ದಾಖಲೆ ಉಪಯುಕ್ತ. ಬಳಸಿಯೇ ಇಲ್ಲವೆನ್ನುವವರ ಬಳಿ ದಾಖಲೆ ಇರಲು ಹೇಗೆ ಸಾಧ್ಯ? ನಿಮಗೆ ಅನುಮಾನ ಬರುವುದು ಅವರ ಮೇಲೆಯೇ.

ಹಳೇಬೇರು

ಅವರ ವಿಷಯದಲ್ಲಿ ಉಳಿಯುವುದು ಮಾತುಕತೆ. ನಮ್ಮ ಸಮಿತಿಯಲ್ಲಿ ಇಪ್ಪತ್ತು ನಿಮಿಷ ಕುಳಿತು ಬರಹದ ಬಗ್ಗೆಯೇ ಕೇಳುತ್ತಿದ್ದೆವು. ವ್ಯಾಖ್ಯೆಗಳನ್ನು ಕೇಳಬಾರದು, ಅವನ್ನು ಯಾರೂ ಬಾಯಿಪಾಠ ಮಾಡಿಕೊಂಡು ಬರಬಹುದು. ಆಯ್ಕೆಗಳನ್ನು ಕೇಳಬೇಕು. ಈ ಉದಾಹರಣೆಯನ್ನು ಇಲ್ಲಿ ಏಕೆ ಇಟ್ಟಿರಿ? ಇದಕ್ಕೆ ಮೊದಲು ಯಾವುದನ್ನು ಯೋಚಿಸಿ ಬಿಟ್ಟಿರಿ? ಈ ಆಕರದಲ್ಲಿ ನಿಮಗೆ ಒಪ್ಪಿಗೆಯಾಗದ ಮಾತು ಯಾವುದು? ತಾನೇ ಬರೆದವರು ತಡವರಿಸಿದರೂ ಬಿಟ್ಟದ್ದನ್ನು ಹೇಳುತ್ತಾರೆ. ಇದೂ ಪೂರ್ತಿ ನಂಬಬಹುದಾದ ವಿಧಾನವಲ್ಲ, ಹೆದರಿ ಮಾತೇ ಹೊರಡದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಮಾತುಕತೆ, ಕರಡುಗಳು, ಅದೇ ವಿದ್ಯಾರ್ಥಿಯ ಹಿಂದಿನ ಬರಹ ಇವುಗಳಲ್ಲಿ ಕನಿಷ್ಠ ಎರಡು ಒಂದೇ ಕಡೆಗೆ ಬೊಟ್ಟು ಮಾಡದೆ ನಾವು ತೀರ್ಮಾನ ಕೊಡುತ್ತಿರಲಿಲ್ಲ. ಕೆಲವರು ತಪ್ಪಿಸಿಕೊಂಡಿರಬಹುದು. ಅದನ್ನು ನಾವು ತಿಳಿದೇ ಒಪ್ಪಿಕೊಂಡಿದ್ದೆವು.

ಕಾಗದದೋಣಿ

ಆ ಇಪ್ಪತ್ತು ನಿಮಿಷ ನನಗೆ ಮೊದಲ ದಿನವೇ ಸಿಕ್ಕಿದ್ದರೆ ಮೂರು ವಾರ ಉಳಿಯುತ್ತಿತ್ತು.

ಮುಂಗಾರು

ಸಲ್ಲಿಸಿದ ಮೇಲೆ ಹೇಳಲು ಮರೆತದ್ದು ನೆನಪಾದರೆ ಏನು ಮಾಡುವುದು? ನನಗೆ ಈಗಷ್ಟೇ ಹಾಗಾಗಿದೆ, ಸಂಪಾದಕರಿಗೆ ಪತ್ರ ಬರೆಯುತ್ತಿದ್ದೇನೆ.

ಅಲ್ಪವಿರಾಮ

ಒಳ್ಳೆಯ ಪ್ರಶ್ನೆ. ಫಲಿತಾಂಶ ಬರುವವರೆಗೆ ಅವಕಾಶ ಕೊಡಿ.

ಹಳೇಬೇರು

ಫಲಿತಾಂಶದವರೆಗೆ ಎಂದರೆ, ಯಾರಾದರೂ ಗಮನಿಸುತ್ತಾರೆಯೇ ಎಂದು ಕಾದು ನೋಡಿ, ವಿಚಾರಣೆಯ ಪತ್ರ ಬಂದ ಮೇಲೆ ಘೋಷಿಸುವವರು ಹುಟ್ಟಿಕೊಳ್ಳುತ್ತಾರೆ. "ಪ್ರಶ್ನೆ ಎತ್ತುವ ಮೊದಲು ತಾನಾಗಿ ತಿಳಿಸಿದರೆ ಅದು ಸಕಾಲದ ಘೋಷಣೆ" ಎನ್ನಿ. ಅದರ ನಂತರ ಹೇಳಿದ್ದನ್ನು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಗಮನಿಸಬಹುದು, ಅಷ್ಟೇ.

ನೀಲಿಶಾಯಿ

ಮೂರನೆಯ ಕರಡು. ನಿನ್ನೆ ರಾತ್ರಿ ಹನ್ನೆರಡರವರೆಗೆ ಕುಳಿತು ಬರೆದದ್ದು:

"1. ಕೆಲಸ ಕೊಡುವಾಗ ಬರಹದಲ್ಲಿ ನಿರ್ಬಂಧಿಸದ ಹೊರತು, ಘೋಷಿಸಿದ ಯಂತ್ರದ ನೆರವಿಗೆ ಅನುಮತಿಯಿದೆ. ನಿರ್ಬಂಧಿಸಿದ ನೆರವು ಘೋಷಣೆಯಿಂದ ಸಕ್ರಮವಾಗುವುದಿಲ್ಲ.

2. ಸಲ್ಲಿಕೆಯ ವಿಚಾರ, ಚೌಕಟ್ಟು, ವಾಕ್ಯ, ಅನುವಾದ, ವಿಶ್ಲೇಷಣೆ, ಚಿತ್ರ, ಕಂಪ್ಯೂಟರ್ ಸಂಕೇತ ಅಥವಾ ಆಕರಗಳನ್ನು ಯಂತ್ರವು ಒದಗಿಸಿದ್ದರೆ ಇಲ್ಲವೇ ಬದಲಿಸಿದ್ದರೆ, ಯಾವ ಸಾಧನವನ್ನು ಯಾವ ಹಂತದಲ್ಲಿ ಯಾವ ಭಾಗಕ್ಕೆ ಬಳಸಲಾಯಿತು ಎಂಬುದನ್ನು ಸಲ್ಲಿಕೆಯೊಂದಿಗೆ ಘೋಷಿಸತಕ್ಕದ್ದು. ವಾಕ್ಯದ ಅರ್ಥವನ್ನೂ ಪದಗಳ ಜೋಡಣೆಯನ್ನೂ ಬದಲಿಸದ ತಿದ್ದುಪಡಿಗೆ ಘೋಷಣೆ ಬೇಕಿಲ್ಲ.

3. ಘೋಷಿಸಿದರೂ ಸಲ್ಲಿಕೆಯ ಎಲ್ಲ ಅಂಶಗಳಿಗೆ ವಿದ್ಯಾರ್ಥಿಯೇ ಹೊಣೆ. ಘೋಷಿಸಿದ್ದೇ ಕಾರಣವಾಗಿ ಅಂಕ ಕಡಿತ ಮಾಡುವಂತಿಲ್ಲ.

4. ಘೋಷಿಸದಿರುವುದು, ಅಪೂರ್ಣವಾಗಿ ಘೋಷಿಸುವುದು, ತಿಳಿದೂ ಸುಳ್ಳು ಘೋಷಿಸುವುದು ಮೂರು ಬೇರೆ ಬೇರೆ ದೋಷಗಳು. ಮೊದಲ ಬಾರಿಯ ಅಪೂರ್ಣ ಘೋಷಣೆಯನ್ನು ತಿದ್ದಿ ಮರುಸಲ್ಲಿಸಲು ಅವಕಾಶವಿದೆ. ಪ್ರಶ್ನೆ ಎತ್ತುವ ಮೊದಲು ತಾನಾಗಿ ಮಾಡಿದ ಘೋಷಣೆಯು ಸಕಾಲದ್ದೇ.

5. ಪತ್ತೆ ಸಾಧನದ ವರದಿಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಕರಡುಗಳಿಲ್ಲದಿರುವುದು ಸಾಕ್ಷ್ಯವಲ್ಲ. ವಿದ್ಯಾರ್ಥಿಯೊಂದಿಗೆ ಬರಹದ ಕುರಿತು ಮಾತನಾಡದೆ ತೀರ್ಮಾನ ಕೊಡುವಂತಿಲ್ಲ."

ದಡದಾಚೆ

ಐದನೆಯದರಲ್ಲಿ "ಸಾಕ್ಷ್ಯವಾಗಿ ಬಳಸುವಂತಿಲ್ಲ" ಎಂಬುದು ಅತಿಯಾಯಿತು. ಎರಡನೆಯ ಕರಡಿನಲ್ಲಿ "ಅಷ್ಟನ್ನೇ ಆಧರಿಸಿ" ಎಂದಿತ್ತು, ಅದೇ ಸರಿ. ಮಾತುಕತೆಗೆ ಕರೆಯಲು ಒಂದು ಕಾರಣವಾಗಿಯಾದರೂ ವರದಿ ಇರಲಿ.

ಸಂಭವನೀಯ

ಕರೆಯಲು ಕಾರಣವಾದರೆ, ಕರೆಸಿಕೊಳ್ಳುವವರಲ್ಲಿ ಎರಡನೆಯ ಭಾಷೆಯಲ್ಲಿ ಬರೆಯುವವರೇ ಹೆಚ್ಚಾಗುತ್ತಾರೆ. ಆ ಕುರ್ಚಿಯಲ್ಲಿ ಕುಳಿತುಕೊಳ್ಳುವುದೇ ಒಂದು ಶಿಕ್ಷೆ. ನಾನು ಹೊಸ ವಾಕ್ಯದ ಪರ.

ಅಲ್ಪವಿರಾಮ

ಮೂರನೆಯ ಉಪಕಲಮಿನ ಬಗ್ಗೆ ನನ್ನ ಆಕ್ಷೇಪ ಹಾಗೆಯೇ ಇದೆ. "ಘೋಷಿಸಿದ್ದೇ ಕಾರಣವಾಗಿ" ಕಡಿತವಿಲ್ಲ, ಸರಿ. ಆದರೆ ಭಾಷೆಯ 30 ಅಂಕಗಳನ್ನು ವಿದ್ಯಾರ್ಥಿಯ ಕೆಲಸಕ್ಕೆ ಮಾತ್ರ ಕೊಡುತ್ತೇನೆ.

ಎರಡನೇ_ಸಾಲು

ಹೆಸರು ಬೇರೆಯಾದರೂ ನನ್ನ ಅಂಕಪಟ್ಟಿಯಲ್ಲಿ ಎರಡೂ ಒಂದೇ ಸಂಖ್ಯೆಯಾಗಿ ಬರುತ್ತವೆ ಸರ್. ಇದನ್ನು ನಾನು ಒಪ್ಪುವುದಿಲ್ಲ. ಆದರೆ ಮೇಡಂ, ಒಂದು ಸಲಹೆ. ಸಮಿತಿಗೆ ಕೊಡುವ ಮೊದಲು ಈ ಕಲಮನ್ನು ಕೆಲವು ವಿದ್ಯಾರ್ಥಿಗಳಿಗೆ ಓದಲು ಕೊಟ್ಟು, ಐದಾರು ಸಂದರ್ಭಗಳನ್ನು ಮುಂದಿಟ್ಟು, ಇದರಲ್ಲಿ ಘೋಷಿಸಬೇಕೋ ಬೇಡವೋ ಎಂದು ಕೇಳಿ. ಒಬ್ಬರ ಉತ್ತರ ಇನ್ನೊಬ್ಬರು ನೋಡದಂತೆ ಬರೆಯಲಿ.

ನೀಲಿಶಾಯಿ

ಮಾಡಿದೆ. ಎಂಟು ವಿದ್ಯಾರ್ಥಿಗಳು, ಆರು ಸಂದರ್ಭಗಳು. ಚೌಕಟ್ಟು ಪಡೆದದ್ದು, ಪ್ಯಾರಾ ನಯಗೊಳಿಸಿದ್ದು, ಆಕರ ಕೇಳಿದ್ದು, ಕಾಗುಣಿತ ತಿದ್ದಿದ್ದು, ಈ ನಾಲ್ಕರಲ್ಲಿ ಎಂಟೂ ಮಂದಿಯ ಉತ್ತರ ಒಂದೇ. ಐದನೆಯದು, ತನ್ನ ಭಾಷೆಯಲ್ಲಿ ತಾನೇ ಬರೆದು ಯಂತ್ರದಿಂದ ಅನುವಾದ ಮಾಡಿಸಿದ್ದು. "ಅನುವಾದ" ಎಂಬ ಪದ ಕಲಮಿನಲ್ಲೇ ಇದ್ದರೂ ಇಬ್ಬರು ಬೇಡವೆಂದರು. ವಿಚಾರ ನನ್ನದೇ ಇರುವಾಗ ಏನನ್ನು ಹೇಳಬೇಕು ಎಂಬುದು ಅವರ ವಾದ.

ಆರನೆಯದರಲ್ಲಿ ನಾಲ್ಕು ನಾಲ್ಕಾಗಿ ಒಡೆದರು. ಕಷ್ಟದ ಲೇಖನವೊಂದನ್ನು ಯಂತ್ರಕ್ಕೆ ಕೊಟ್ಟು ವಿವರಿಸಿಕೊಂಡು, ಅರ್ಥವಾದ ಮೇಲೆ ಲೇಖನವನ್ನು ತಾನೇ ಓದಿ, ತನ್ನ ಮಾತಿನಲ್ಲಿ ಬರೆದರೆ? ನನ್ನ ವಾಕ್ಯದಲ್ಲಿ "ವಿಚಾರ... ಒದಗಿಸಿದ್ದರೆ" ಎಂದಿದೆ. ವಿವರಣೆ ವಿಚಾರವೇ ಎಂದು ಅವರು ಕೇಳಿದರು, ನನ್ನ ಬಳಿ ಉತ್ತರವಿರಲಿಲ್ಲ.

ಹಳೇಬೇರು

ಗೆಳೆಯನೊಬ್ಬ ವಿವರಿಸಿದ್ದರೆ ಘೋಷಿಸಲು ಹೇಳುತ್ತಿರಲಿಲ್ಲ. ಸಲ್ಲಿಕೆಯೊಳಗೆ ಬಂದದ್ದಕ್ಕಷ್ಟೇ ನಿಮ್ಮ ಕಲಂ ಅನ್ವಯಿಸಲಿ, ಕಲಿಕೆಯೊಳಗೆ ಹೋದದ್ದಕ್ಕೆ ಬೇಡ.

ಸಂಭವನೀಯ

ಆ ವಿವರಣೆ ತಪ್ಪಾಗಿದ್ದು, ಅದೇ ತಪ್ಪು ಹತ್ತು ಪ್ರಬಂಧಗಳಲ್ಲಿ ಒಂದೇ ರೀತಿ ಬಂದರೆ? ಆಗ ಅದು ಎಲ್ಲಿಂದ ಬಂತೆಂದು ತಿಳಿಯುವುದು ನನಗೆ ಮುಖ್ಯವಾಗುತ್ತದೆ.

ನೀಲಿಶಾಯಿ

ಎರಡನೆಯ ಉಪಕಲಮಿನ ಆರಂಭವನ್ನು ಹೀಗೆ ಬದಲಿಸಿದ್ದೇನೆ: "ಯಂತ್ರವು ಒದಗಿಸಿದ ಅಥವಾ ಬದಲಿಸಿದ ವಿಚಾರ, ಚೌಕಟ್ಟು, ವಾಕ್ಯ, ವಿಶ್ಲೇಷಣೆ, ಚಿತ್ರ, ಕಂಪ್ಯೂಟರ್ ಸಂಕೇತ ಅಥವಾ ಆಕರವು ಸಲ್ಲಿಕೆಯಲ್ಲಿ ಉಳಿದಿದ್ದರೆ, ಮತ್ತು ಮೂಲ ವಿಚಾರ ವಿದ್ಯಾರ್ಥಿಯದೇ ಆಗಿದ್ದರೂ ಸಲ್ಲಿಕೆಯ ಭಾಷೆಗೆ ಅನುವಾದಿಸಿದ್ದು ಯಂತ್ರವಾಗಿದ್ದರೆ". ವಿವರಣೆಯ ಪ್ರಶ್ನೆಯನ್ನು ಹಳೇಬೇರು, ಸಂಭವನೀಯ ಇಬ್ಬರ ಮಾತುಗಳ ಸಮೇತ ಸಮಿತಿಯ ಮುಂದೆ ಇಡುತ್ತೇನೆ. ಅದಕ್ಕೂ ಮೊದಲು, ಬದಲಿಸಿದ ವಾಕ್ಯವನ್ನು ಅನುವಾದಕ್ಕೆ ಘೋಷಣೆ ಬೇಡವೆಂದ ಆ ಇಬ್ಬರಿಗೂ ಸೋಮವಾರ ಮತ್ತೊಮ್ಮೆ ಓದಲು ಕೊಡುತ್ತೇನೆ.